ಜಮಾದಾರನ ಒಂದು ರೂಪಾಯಿ: ಸ್ವಾತಂತ್ರ್ಯದ ಎರಡು ಅರ್ಥಗಳ ಬಗ್ಗೆ

1982ರ ನವೆಂಬರ್‌ನಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಇಲ್ಲಿ ಕೂದಲು ನೆರೆತವರಿಗೆ ಅಪ್ಪು ಎಂಬ ಆನೆಮರಿಯ ಲಾಂಛನ ನೆನಪಿರಬಹುದು, ಆ ವರ್ಷವೇ ಬಂದ ಬಣ್ಣದ ಟೀವಿಯೂ ನೆನಪಿರಬಹುದು. ನಾನು ಆಟದ ಬಗ್ಗೆ ಮಾತಾಡುವುದಿಲ್ಲ. ಅದಕ್ಕಾಗಿ ಕ್ರೀಡಾಂಗಣ, ಮೇಲ್ಸೇತುವೆ, ಹೋಟೆಲುಗಳನ್ನು ಕಟ್ಟಿದವರ ಬಗ್ಗೆ ಮಾತಾಡುತ್ತೇನೆ. ರಾಜಸ್ಥಾನ, ಉತ್ತರ ಪ್ರದೇಶ, ಒರಿಸ್ಸಾಗಳಿಂದ ಜಮಾದಾರರು ಅವರನ್ನು ಕರೆತಂದಿದ್ದರು. ಆಗ ದಿನಕ್ಕೆ ಕನಿಷ್ಠ ಕೂಲಿ 9 ರೂಪಾಯಿ 25 ಪೈಸೆ. ಗುತ್ತಿಗೆದಾರ ಅಷ್ಟನ್ನೂ ಜಮಾದಾರನ ಕೈಗೆ ಕೊಡುತ್ತಿದ್ದ. ಜಮಾದಾರ ತಲೆಗೆ ಒಂದು ರೂಪಾಯಿ ದಸ್ತೂರಿ ಹಿಡಿದುಕೊಂಡು ಉಳಿದದ್ದನ್ನು ಹಂಚುತ್ತಿದ್ದ. ಹೆಂಗಸರಿಗೆ 7 ರೂಪಾಯಿ ಮಾತ್ರ.

ಒಂದು ನಾಗರಿಕ ಹಕ್ಕುಗಳ ಸಂಘಟನೆ ಇದನ್ನೆಲ್ಲ ನೋಡಿಬರಲು ಮೂವರು ಸಮಾಜವಿಜ್ಞಾನಿಗಳನ್ನು ಕಳಿಸಿತು. ಅವರ ವರದಿಯನ್ನಿಟ್ಟು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿಗೆ ಪತ್ರ ಬರೆಯಿತು. ನ್ಯಾಯಾಲಯ ಆ ಪತ್ರವನ್ನೇ ರಿಟ್ ಅರ್ಜಿಯೆಂದು ಪರಿಗಣಿಸಿತು. ಅದೇ ವರ್ಷ ಸೆಪ್ಟೆಂಬರ್ 18ರಂದು, ಅಂದರೆ ಕ್ರೀಡಾಕೂಟಕ್ಕೆ ಎರಡು ತಿಂಗಳಿರುವಾಗ, ತೀರ್ಪು ಬಂತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಅದು ಹೇಳಿತು.

ಇದನ್ನು ಕೇಳಿದ ತಕ್ಷಣ ತಲೆಯಾಡಿಸಬೇಡಿ. ನಾನು ತರಗತಿಯಲ್ಲಿ ಈ ತೀರ್ಪನ್ನು ಪಾಠ ಮಾಡುವಾಗ ಮೊದಲು ಗುತ್ತಿಗೆದಾರನ ಪರವಾಗಿ ವಾದಿಸುತ್ತೇನೆ. ಕೂಲಿ ಕಡಿಮೆಯಾಗಿತ್ತು, ಒಪ್ಪೋಣ. ಅದು ಕನಿಷ್ಠ ಕೂಲಿ ಕಾಯ್ದೆಯ ಉಲ್ಲಂಘನೆ, ಅದಕ್ಕೆ ದಂಡ ಹಾಕಲಿ. ಆದರೆ ಬಲವಂತ ಎಲ್ಲಿತ್ತು? ಯಾರೂ ಅವರನ್ನು ಕಟ್ಟಿಹಾಕಿರಲಿಲ್ಲ. ಕೋಲು ಹಿಡಿದು ನಿಂತವರಿರಲಿಲ್ಲ. ಅವರು ರೈಲು ಹತ್ತಿ ತಾವೇ ಬಂದಿದ್ದರು, ಬೇಡವೆನಿಸಿದರೆ ರೈಲು ಹತ್ತಿ ಹೊರಟುಹೋಗಬಹುದಿತ್ತು. ಹಸಿವಿತ್ತು, ನಿಜ. ಆದರೆ ಹಸಿವನ್ನು ಗುತ್ತಿಗೆದಾರ ಹುಟ್ಟಿಸಲಿಲ್ಲವಲ್ಲ? ವಿದ್ಯಾರ್ಥಿಗಳು ಸಿಟ್ಟಾಗುತ್ತಾರೆ. ಉತ್ತರ ಹೇಳಿ ಎಂದರೆ ಬಹಳ ಹೊತ್ತು ಸುಮ್ಮನಿರುತ್ತಾರೆ.

ಈ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಸ್ವಾತಂತ್ರ್ಯ ಎಂದರೆ ಏನು ಎಂಬುದನ್ನು ಮೊದಲು ನಿರ್ಧರಿಸಬೇಕು. ನಮ್ಮ ಪಠ್ಯಪುಸ್ತಕಗಳಲ್ಲಿ ನಕಾರಾತ್ಮಕ ಸ್ವಾತಂತ್ರ್ಯ, ಸಕಾರಾತ್ಮಕ ಸ್ವಾತಂತ್ರ್ಯ ಎಂಬ ಎರಡು ಹೆಸರುಗಳಿವೆ. ನನಗೆ ಈ ಹೆಸರುಗಳ ಮೇಲೆ ಸ್ವಲ್ಪ ಮುನಿಸು. ನಕಾರ ಎಂದೊಡನೆ ಅದೇನೋ ಕೆಟ್ಟದ್ದು, ಸಕಾರ ಎಂದೊಡನೆ ಒಳ್ಳೆಯದು ಎಂಬ ಭಾವನೆ ಬಂದುಬಿಡುತ್ತದೆ. ಕನ್ನಡದಲ್ಲಿ ಈ ಎರಡಕ್ಕೂ ಹತ್ತಿರದ ಮಾತುಗಳು ಮೊದಲೇ ಇವೆ. ಒಂದು ಬಿಡುಗಡೆ. ಹಿಡಿದಿದ್ದವನು ಕೈ ಬಿಟ್ಟರೆ ಬಿಡುಗಡೆ, ಸೆರೆಮನೆಯ ಬಾಗಿಲು ತೆರೆದರೆ ಬಿಡುಗಡೆ. ಅದರಲ್ಲಿ ಇನ್ನೊಬ್ಬನ ಕೈ ಇದ್ದೇ ಇರುತ್ತದೆ. ಇನ್ನೊಂದು ಸ್ವಾತಂತ್ರ್ಯ, ಸ್ವ ಮತ್ತು ತಂತ್ರ ಸೇರಿದ್ದು. ತನ್ನ ನಡೆಯನ್ನು ತಾನೇ ಆಳಿಕೊಳ್ಳುವವನು ಸ್ವತಂತ್ರ, ಇನ್ನೊಬ್ಬರ ಆಳ್ವಿಕೆಯಲ್ಲಿರುವವನು ಪರತಂತ್ರ. ಇಲ್ಲಿ ಪ್ರಶ್ನೆ ಬಾಗಿಲಿನದಲ್ಲ, ಯಜಮಾನಿಕೆಯದು.

ರಾಜಕೀಯ ಚಿಂತಕ ಐಸಾಯಾ ಬರ್ಲಿನ್ 1958ರ ಅಕ್ಟೋಬರ್ 31ರಂದು ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕನಾಗಿ ಮಾಡಿದ ಮೊದಲ ಉಪನ್ಯಾಸದಲ್ಲಿ ಇದೇ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟ. ಬೇರೆಯವರು ಅಡ್ಡ ಬಾರದೆ ನನ್ನಷ್ಟಕ್ಕೆ ನಾನು ಇರಬಹುದಾದ ಜಾಗ ಎಷ್ಟು? ಇದು ನಕಾರಾತ್ಮಕ ಸ್ವಾತಂತ್ರ್ಯದ ಪ್ರಶ್ನೆ. ನಾನು ಏನು ಮಾಡಬೇಕು, ಏನಾಗಬೇಕು ಎಂಬುದನ್ನು ನಿರ್ಧರಿಸುವವರು ಯಾರು? ಇದು ಸಕಾರಾತ್ಮಕದ್ದು. ಬರ್ಲಿನ್ ರೀಗಾದಲ್ಲಿ ಹುಟ್ಟಿದವನು. 1917ರ ರಷ್ಯಾದ ಕ್ರಾಂತಿಯ ಹೊತ್ತಿನಲ್ಲಿ, ಏಳು ವರ್ಷದ ಹುಡುಗನಾಗಿದ್ದಾಗ, ಪೆಟ್ರೊಗ್ರಾಡಿನ ಬೀದಿಯಲ್ಲಿ ಗುಂಪೊಂದು ಪೊಲೀಸನನ್ನು ಎಳೆದುಕೊಂಡು ಹೋಗುವುದನ್ನು ನೋಡಿದ್ದ. ಮನುಷ್ಯರ ನಿಜವಾದ ಹಿತ ತಮಗೆ ಗೊತ್ತಿದೆ ಎನ್ನುವವರ ಬಗ್ಗೆ ಅವನಿಗಿದ್ದ ಭಯ ಪುಸ್ತಕದಿಂದ ಬಂದದ್ದಷ್ಟೇ ಅಲ್ಲ.

ಇಲ್ಲೊಂದು ಗೊಂದಲ ಬಿಡಿಸಬೇಕು, ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಪ್ರತಿ ವರ್ಷ ಇದನ್ನು ನೋಡುತ್ತೇನೆ. ಸರ್ಕಾರ ಸುಮ್ಮನಿದ್ದರೆ ನಕಾರಾತ್ಮಕ, ಸರ್ಕಾರ ಅನ್ನ ಅಕ್ಷರ ಕೊಟ್ಟರೆ ಸಕಾರಾತ್ಮಕ ಎಂದು ಬರೆದುಬಿಡುತ್ತಾರೆ. ಈ ಬಳಕೆಗೂ ಒಂದು ಮೂಲವಿದೆ. ಇಂಗ್ಲೆಂಡಿನ ತತ್ವಜ್ಞಾನಿ ಟಿ.ಎಚ್. ಗ್ರೀನ್ 1881ರಲ್ಲಿ ಲೆಸ್ಟರಿನಲ್ಲಿ ಮಾಡಿದ ಭಾಷಣದಲ್ಲಿ, ಸ್ವಾತಂತ್ರ್ಯವೆಂದರೆ ಬರೀ ಅಡೆತಡೆ ಇಲ್ಲದಿರುವುದಲ್ಲ, ಮಾಡಲು ಯೋಗ್ಯವಾದದ್ದನ್ನು ಮಾಡುವ ಶಕ್ತಿ ಎಂದಿದ್ದ. ಆದರೆ ಬರ್ಲಿನ್ ಅದನ್ನು ಹಾಗೆಯೇ ಒಪ್ಪಲಿಲ್ಲ. ಸ್ವಾತಂತ್ರ್ಯ ಬೇರೆ, ಅದನ್ನು ಬಳಸಿಕೊಳ್ಳಲು ಬೇಕಾದ ಸ್ಥಿತಿಗತಿ ಬೇರೆ ಎಂಬುದು ಅವನ ಮಾತು. ಅನ್ನವಿಲ್ಲದವನಿಗೆ ಅನ್ನ ಕೊಡುವುದು ಸ್ವಾತಂತ್ರ್ಯಕ್ಕಿಂತ ತುರ್ತಾಗಿರಬಹುದು, ಆದರೆ ಅದನ್ನೇ ಸ್ವಾತಂತ್ರ್ಯ ಎಂದು ಕರೆಯಬೇಡಿ ಎಂದು ಅವನು ಹಟ ಹಿಡಿದ. ಹಾಗಾಗಿ ನಾವು ಇವತ್ತು ಮೂರನ್ನು ಬೇರೆಬೇರೆ ಇಟ್ಟುಕೊಳ್ಳೋಣ: ಅಡ್ಡಿ ಇಲ್ಲದಿರುವುದು, ಕೈಯಲ್ಲಿ ಸಾಧನ ಇರುವುದು, ತನ್ನ ಬದುಕಿಗೆ ತಾನೇ ಯಜಮಾನನಾಗಿರುವುದು. ಕಾನೂನು ಮತ್ತು ಕಲ್ಯಾಣದ ಜಗಳಗಳೆಲ್ಲ ಈ ಮೂರು ಒಂದರೊಳಗೊಂದು ನುಸುಳುವ ಜಾಗದಲ್ಲಿ ನಡೆಯುತ್ತವೆ.

ಈಗ ಗುತ್ತಿಗೆದಾರನ ವಾದಕ್ಕೆ ವಾಪಸ್ ಬರೋಣ. ಅವನದು ಅಪ್ಪಟ ನಕಾರಾತ್ಮಕ ಸ್ವಾತಂತ್ರ್ಯದ ವಾದ. ನಾನು ಅಡ್ಡ ನಿಂತಿಲ್ಲ, ಆದ್ದರಿಂದ ನೀನು ಸ್ವತಂತ್ರ. ಈ ವಾದಕ್ಕೆ ದೊಡ್ಡ ವಂಶಾವಳಿಯಿದೆ. ನ್ಯೂಯಾರ್ಕಿನಲ್ಲಿ ಬೇಕರಿ ಕೆಲಸಗಾರರನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ಮೀರಿ ದುಡಿಸಬಾರದು ಎಂದು ಕಾನೂನು ಬಂದಿತ್ತು. 1905ರಲ್ಲಿ ಲಾಕ್ನರ್ ಎಂಬ ಬೇಕರಿ ಮಾಲೀಕನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತಗಳಿಂದ ಅದನ್ನು ರದ್ದು ಮಾಡಿತು. ಕಾರಣ? ಹೆಚ್ಚು ಹೊತ್ತು ದುಡಿಯುವ ಒಪ್ಪಂದ ಮಾಡಿಕೊಳ್ಳುವುದು ಕೆಲಸಗಾರನ ಸ್ವಾತಂತ್ರ್ಯವಂತೆ, ಕಾನೂನು ಅದಕ್ಕೆ ಅಡ್ಡಬರುತ್ತಿತ್ತಂತೆ. ಅಮೆರಿಕದ ಸಂವಿಧಾನದಲ್ಲಿದ್ದ, ನ್ಯಾಯಬದ್ಧ ಪ್ರಕ್ರಿಯೆಯಿಲ್ಲದೆ ಯಾರ ಸ್ವಾತಂತ್ರ್ಯವನ್ನೂ ಕಸಿಯಬಾರದು ಎಂಬ ಮಾತೇ ಇದಕ್ಕೆ ಆಧಾರವಾಯಿತು. 1937ರ ತನಕ ಇದೇ ಬಗೆಯ ತರ್ಕ ಕಾರ್ಮಿಕ ಕಾನೂನುಗಳನ್ನು ಕಾಡಿತು.

ಸ್ವಲ್ಪ ದಾರಿ ತಪ್ಪುತ್ತೇನೆ, ಆದರೆ ಈ ದಾರಿ ಮಂಗಳೂರಿನವರೆಗೂ ಬರುತ್ತದೆ. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಮಂಗಳೂರಿನಲ್ಲಿ ಹುಟ್ಟಿದವರು. 1947ರ ಕೊನೆಯಲ್ಲಿ ಅವರು ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಆ ನ್ಯಾಯಬದ್ಧ ಪ್ರಕ್ರಿಯೆಯ ಮಾತನ್ನು ನಿಮ್ಮ ಸಂವಿಧಾನದಲ್ಲಿ ಹಾಕಿಕೊಳ್ಳಬೇಡಿ, ಜನಪ್ರತಿನಿಧಿಗಳ ಕಾನೂನನ್ನು ಕೆಲವೇ ನ್ಯಾಯಾಧೀಶರು ಹೊಡೆದುಹಾಕಲು ಅದು ದಾರಿ ಮಾಡುತ್ತದೆ ಎಂಬುದು ಫ್ರಾಂಕ್‌ಫರ್ಟರ್ ಅಭಿಪ್ರಾಯವಾಗಿತ್ತು. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಪಾಡುವ ನಮ್ಮ 21ನೇ ವಿಧಿಯಲ್ಲಿ ಆ ಮಾತು ಉಳಿಯಲಿಲ್ಲ, ಅದರ ಜಾಗದಲ್ಲಿ "ಕಾನೂನಿನಿಂದ ಸ್ಥಾಪಿತವಾದ ಪ್ರಕ್ರಿಯೆ" ಬಂತು. ಕಲ್ಯಾಣದ ಕಾನೂನುಗಳಿಗೆ ದಾರಿ ಸುಗಮವಾಯಿತು. ಆದರೆ ಅದರ ಬೆಲೆಯನ್ನು ತೆತ್ತವರು ಬೇರೆ. 1950ರಲ್ಲಿ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ತಮ್ಮನ್ನು ವಿಚಾರಣೆಯಿಲ್ಲದೆ ಮುನ್ನೆಚ್ಚರಿಕೆಯ ಬಂಧನದಲ್ಲಿಟ್ಟಿದ್ದನ್ನು ಪ್ರಶ್ನಿಸಿದಾಗ, ಸಂಸತ್ತು ಮಾಡಿದ ಕಾನೂನಿದೆ, ಅದರಲ್ಲೊಂದು ಪ್ರಕ್ರಿಯೆಯಿದೆ, ಅಷ್ಟು ಸಾಕು ಎಂದು ನಮ್ಮ ಸುಪ್ರೀಂ ಕೋರ್ಟ್ ಬಹುಮಟ್ಟಿಗೆ ಒಪ್ಪಿಬಿಟ್ಟಿತು. ಬೇಕರಿ ಮಾಲೀಕನನ್ನು ತಡೆಯಲು ಹಾಕಿದ ಬೇಲಿಯಲ್ಲಿ ಕೈದಿ ಸಿಕ್ಕಿಬಿದ್ದ. ಪ್ರಕ್ರಿಯೆ ನ್ಯಾಯಯುತವಾಗಿಯೂ ಇರಬೇಕು ಎಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಲು 1978ರ ಮೇನಕಾ ಗಾಂಧಿ ಪ್ರಕರಣದ ತನಕ ಕಾಯಬೇಕಾಯಿತು.

ಸರಿ, ದೆಹಲಿಗೆ ಹೋಗೋಣ. ಭಗವತಿಯವರು ಗುತ್ತಿಗೆದಾರನ ವಾದವನ್ನು ಹೇಗೆ ಎದುರಿಸಿದರು? ಸ್ವಾತಂತ್ರ್ಯದ ಅರ್ಥವನ್ನು ಬದಲಿಸುವ ಗೋಜಿಗೆ ಅವರು ಹೋಗಲಿಲ್ಲ. ಅವರು ಹಿಡಿದದ್ದು 23ನೇ ವಿಧಿಯಲ್ಲಿರುವ ಬಲವಂತ ಎಂಬ ಪದವನ್ನು. ಬಲವಂತ ಮೈಮೇಲೆ ಕೈ ಹಾಕುವುದರಿಂದ ಬರಬಹುದು, ಕಾನೂನಿನ ಹೆದರಿಕೆಯಿಂದ ಬರಬಹುದು, ಹಸಿವು ಮತ್ತು ಬಡತನದ ಒತ್ತಡದಿಂದಲೂ ಬರಬಹುದು ಎಂದರು. ಮನುಷ್ಯನ ಮುಂದೆ ಬೇರೆ ದಾರಿಯೇ ಇಲ್ಲದಂತೆ ಮಾಡಿ ಒಂದೇ ದಾರಿಗೆ ನೂಕುವ ಯಾವುದನ್ನೂ ಬಲವಂತ ಎನ್ನಬಹುದು. ಆಮೇಲೆ ಅವರು ಸರಳವಾದ ಒಂದು ಗೆರೆ ಎಳೆದರು. ತನಗೆ ಕಾನೂನಿನ ಪ್ರಕಾರ ಇಷ್ಟು ಸಿಗಬೇಕು ಎಂದು ಗೊತ್ತಿದ್ದೂ ಯಾರೂ ಮನಸಾರೆ ಅದಕ್ಕಿಂತ ಕಡಿಮೆಗೆ ದುಡಿಯುವುದಿಲ್ಲ. ಆದ್ದರಿಂದ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುತ್ತಿದ್ದಾನೆ ಎಂದರೆ ಯಾವುದೋ ಒತ್ತಡ ಇದೆ ಎಂದೇ ತಿಳಿಯಬೇಕು.

ಈ ಗೆರೆಯ ಚೆಂದ ನೋಡಿ. ಎಲ್ಲ ಬಡತನವೂ ಬಲವಂತ ಎಂದಿದ್ದರೆ ದೇಶದಲ್ಲಿ ಯಾವ ಕೂಲಿ ಒಪ್ಪಂದವೂ ಉಳಿಯುತ್ತಿರಲಿಲ್ಲ. ಕನಿಷ್ಠ ಕೂಲಿ ಕೊಟ್ಟವನನ್ನು ಅವರು ಬಿಟ್ಟರು, ಅದಕ್ಕಿಂತ ಕೆಳಗಿಳಿದವನನ್ನು ಹಿಡಿದರು. ಗೆರೆಯ ಆಚೆಗೂ ಈಚೆಗೂ ಹಸಿವು ಅಷ್ಟೇ ಇರುತ್ತದೆ ಎಂಬ ತಕರಾರು ತೆಗೆಯಬಹುದು, ನನ್ನ ಜಾಣ ವಿದ್ಯಾರ್ಥಿಗಳು ತೆಗೆಯುತ್ತಾರೆ. ಅದು ಸರಿಯಾದ ತಕರಾರು. ತತ್ವಶಾಸ್ತ್ರವಾಗಿ ಈ ಗೆರೆ ಸ್ವಲ್ಪ ಸೊಟ್ಟ. ಆದರೆ ಕೂಲಿಯ ಲೆಕ್ಕದ ಪುಸ್ತಕ ತೆರೆದರೆ ಉಲ್ಲಂಘನೆ ಕಾಣುತ್ತದೆ, ಯಾರ ಮನಸ್ಸಿನೊಳಗೂ ಇಣುಕಬೇಕಾಗಿಲ್ಲ.

ಇದರಲ್ಲಿ ಬರ್ಲಿನ್ ಸೋತ ಎಂದುಕೊಳ್ಳಬೇಡಿ. ಅವನ ಉಪನ್ಯಾಸದಲ್ಲೇ ಒಂದು ಕಿಟಕಿ ತೆರೆದಿದೆ. ನನ್ನ ಬಳಿ ಹಣವಿಲ್ಲದಿರುವುದಕ್ಕೆ ಬೇರೆ ಮನುಷ್ಯರು ಮಾಡಿಟ್ಟ ಏರ್ಪಾಡೇ ಕಾರಣ ಎಂದು ನಾನು ನಂಬಿದರೆ, ಆಗ ನನ್ನ ಬಡತನವನ್ನು ನಾನು ದಬ್ಬಾಳಿಕೆ ಎನ್ನುತ್ತೇನೆ ಎಂದು ಅವನೇ ಹೇಳುತ್ತಾನೆ. ಅಂದರೆ ಬಡತನ ಅಡ್ಡಿಯೋ ಅಲ್ಲವೋ ಎಂಬುದು ಅದು ಹೇಗೆ ಉಂಟಾಯಿತು ಎಂಬ ನಮ್ಮ ವಿವರಣೆಯ ಮೇಲೆ ನಿಂತಿದೆ. ತತ್ವಜ್ಞಾನಿ ಜಿ.ಎ. ಕೋಹೆನ್ ಇನ್ನೂ ನೇರವಾಗಿ ಹೇಳಿದ: ಹಣವಿಲ್ಲದವನ ಎದುರು ನಿಜವಾಗಿಯೂ ಮನುಷ್ಯರೇ ಅಡ್ಡ ನಿಲ್ಲುತ್ತಾರೆ. ಟಿಕೆಟ್ಟಿಗೆ ದುಡ್ಡಿಲ್ಲದ ಹೆಂಗಸು ಬಸ್ ಹತ್ತಿದರೆ ಅವಳನ್ನು ಇಳಿಸುವುದು ಬಡತನ ಎಂಬ ಅಮೂರ್ತ ವಸ್ತುವಲ್ಲ, ಕಂಡಕ್ಟರ್. ಅವನ ಹಿಂದೆ ಕಾನೂನಿದೆ, ಬೇಕಾದರೆ ಪೊಲೀಸರಿದ್ದಾರೆ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಬಂದಾಗ ಅದನ್ನು ಬಿಟ್ಟಿ ಭಾಗ್ಯ ಎಂದು ಹೀಯಾಳಿಸಿದವರಿದ್ದರು, ಸಬಲೀಕರಣ ಎಂದು ಹೊಗಳಿದವರೂ ಇದ್ದರು. ಕೋಹೆನ್ ಕಣ್ಣಿನಿಂದ ನೋಡಿದರೆ ಆ ಶೂನ್ಯ ಟಿಕೆಟ್ ಮಾಡಿದ್ದು ಇಷ್ಟೇ, ಬಾಗಿಲಲ್ಲಿ ಅಡ್ಡವಿದ್ದ ಒಂದು ಕೈಯನ್ನು ತೆಗೆದದ್ದು. ಆದರೆ ಖಾಸಗಿ ಬಸ್ಸುಗಳೇ ಓಡುವ ಕರಾವಳಿಯ ಹಾದಿಗಳಲ್ಲಿ ಈ ತರ್ಕ ಕೈಕೊಡುತ್ತದೆ. ಅಲ್ಲಿ ಸರ್ಕಾರಿ ಬಸ್ಸೇ ಇಲ್ಲದಿದ್ದರೆ ತೆಗೆಯಲು ಕೈಯೂ ಇಲ್ಲ. ಅಲ್ಲಿ ಬೇಕಾದದ್ದು ಬಸ್ಸು.

ದೆಹಲಿಯ ತೀರ್ಪಿನ ನಿಜವಾದ ಪರೀಕ್ಷೆ ನಡೆದದ್ದು ಕೂಲಿ ಕೊಡುವವನ ಜಾಗದಲ್ಲಿ ಸರ್ಕಾರವೇ ನಿಂತಾಗ. ರಾಜಸ್ಥಾನದ ಅಜ್ಮೇರ್ ಜಿಲ್ಲೆಯಲ್ಲಿ ಬರಪರಿಹಾರದ ರಸ್ತೆ ಕೆಲಸ. ಕನಿಷ್ಠ ಕೂಲಿ 7 ರೂಪಾಯಿ. ಗುಂಪಿನ ಒಟ್ಟು ಕೆಲಸವನ್ನು ಅಳತೆ ಮಾಡಿ ಹಂಚುತ್ತಿದ್ದರಿಂದ ಕೆಲಸಗಾರರಿಗೆ, ಅದರಲ್ಲಿ ಹೆಂಗಸರೇ ಹೆಚ್ಚು, ಅಷ್ಟೂ ಸಿಗುತ್ತಿರಲಿಲ್ಲ. ಬರಪರಿಹಾರದ ಕೆಲಸಕ್ಕೆ ಕಾರ್ಮಿಕ ಕಾನೂನು ಅನ್ವಯಿಸುವುದಿಲ್ಲ ಎಂದು ಆ ರಾಜ್ಯ 1964ರಲ್ಲೇ ಕಾಯ್ದೆ ಮಾಡಿಟ್ಟುಕೊಂಡಿತ್ತು. ಸರ್ಕಾರದ ನಿಲುವೇನು? ಇದು ಉದ್ಯೋಗವಲ್ಲ, ಕಷ್ಟದಲ್ಲಿರುವವರಿಗೆ ಪರಿಹಾರ. ಈ ಪರಿಹಾರ ಎಂಬ ಪದವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ. 1983ರಲ್ಲಿ ಸಂಜಿತ್ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಜನರ ಅಸಹಾಯಕತೆಯನ್ನು ಬಳಸಿಕೊಂಡು ಕಡಿಮೆಗೆ ದುಡಿಸಿಕೊಳ್ಳುವ ಹಾಗಿಲ್ಲ, ಆ ರಸ್ತೆಯಿಂದ ಊರಿಗೆ ಉಪಯೋಗವಿದೆಯಲ್ಲ, ಇದು ದಾನ ಹೇಗಾಗುತ್ತದೆ ಎಂದು ಕೇಳಿತು.

ಅದೇ ಜಗಳ ಕಾಲು ಶತಮಾನದ ಮೇಲೆ ನಮ್ಮಲ್ಲಿಗೆ ಬಂತು. ಉದ್ಯೋಗ ಖಾತ್ರಿ ಕಾಯ್ದೆಯ 6ನೇ ಕಲಮು, ಕನಿಷ್ಠ ಕೂಲಿ ಕಾಯ್ದೆಯಲ್ಲಿ ಏನೇ ಇದ್ದರೂ ಕೇಂದ್ರ ತನ್ನದೇ ದರ ಗೊತ್ತುಮಾಡಬಹುದು ಎಂದಿತ್ತು. 2009ರ ಜನವರಿ 1ರಿಂದ ಕೇಂದ್ರ ಆ ಅಧಿಕಾರ ಬಳಸಿತು. ಹಲವು ರಾಜ್ಯಗಳಲ್ಲಿ ಖಾತ್ರಿಯ ಕೂಲಿ ಕೃಷಿಯ ಕನಿಷ್ಠ ಕೂಲಿಗಿಂತ ಕೆಳಗಿಳಿಯಿತು. ಅಲ್ಲಿ ದುಡಿದವರಿಗೆ ಕನಿಷ್ಠ ಕೂಲಿ ಕೊಡಲೇಬೇಕು ಎಂದು ಕರ್ನಾಟಕ ಹೈಕೋರ್ಟ್ 2011ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು, ತಡೆಯಾಜ್ಞೆ ಸಿಗಲಿಲ್ಲ. ಸರ್ಕಾರ ಕಲ್ಯಾಣದ ಹೆಸರಿನಲ್ಲಿ ಕೊಡುವಾಗಲೂ ಅದು ಇನ್ನೊಂದು ಕೈಯಲ್ಲಿ ಬಲವಂತ ಮಾಡುತ್ತಿರಬಹುದು ಎಂಬುದನ್ನು ಈ ಎರಡು ಪ್ರಕರಣಗಳು ಸ್ಪಷ್ಟ ಮಾಡುತ್ತವೆ.

ಬಿಡುಗಡೆ ಎಂಬ ಪದಕ್ಕೆ ಬರುತ್ತೇನೆ. ಅದು ಸರ್ಕಾರಿ ಕಾಗದದ ಹೆಸರೂ ಹೌದು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಎಲ್ಲ ಜೀತದ ಸಾಲವನ್ನೂ ಒಂದೇ ಏಟಿಗೆ ಅಳಿಸಿಹಾಕಿತು, ಜೀತಗಾರನೆಂದು ಗುರುತಿಸಲ್ಪಟ್ಟವನಿಗೆ ಅಧಿಕಾರಿ ಬಿಡುಗಡೆ ಪತ್ರ ಕೊಡುತ್ತಾನೆ. ಜೀತ ಎಂಬ ಮಾತು ಜೀವಿತ ಎಂಬುದರ ತದ್ಭವ, ಹಳೆಯ ಬಳಕೆಯಲ್ಲಿ ಅದಕ್ಕೆ ಸಂಬಳ, ಜೀವನೋಪಾಯ ಎಂಬ ಅರ್ಥವಿತ್ತು. ಸಂಬಳದ ಹೆಸರೇ ದಾಸ್ಯದ ಹೆಸರಾದದ್ದು ನಮ್ಮ ಇತಿಹಾಸದ ಬಗ್ಗೆ ಸಾಕಷ್ಟು ಹೇಳುತ್ತದೆ, ಅದಿರಲಿ. ಬಿಡುಗಡೆ ಪತ್ರ ಕೈಗೆ ಬಂದ ದಿನ ಆ ಕುಟುಂಬದ ನಕಾರಾತ್ಮಕ ಸ್ವಾತಂತ್ರ್ಯ ಸಂಪೂರ್ಣ. ಸಾಲವಿಲ್ಲ, ಧಣಿಗೆ ಹಕ್ಕಿಲ್ಲ, ಬಾಗಿಲು ತೆರೆದಿದೆ. ಸಂಜೆಗೆ ಅಕ್ಕಿ ಎಲ್ಲಿಂದ ತರುವುದು? ನಾಳೆ ಮಗುವಿಗೆ ಜ್ವರ ಬಂದರೆ ಮುಂಗಡ ಕೊಡುವವರು ಯಾರು? ಊರಿನಲ್ಲಿ ಮುಂಗಡ ಕೊಡುತ್ತಿದ್ದವನು ಆ ಧಣಿ ಒಬ್ಬನೇ. ಪುನರ್ವಸತಿ ಇಲ್ಲದ ಬಿಡುಗಡೆ ಅವರನ್ನು ಮತ್ತೆ ಜೀತಕ್ಕೇ ತಳ್ಳುತ್ತದೆ ಎಂದು 1984ರಲ್ಲಿ ನೀರಜಾ ಚೌಧರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ.

ಹಾಗಾದರೆ ಪುನರ್ವಸತಿ ಸಿಗುತ್ತದೆಯೇ? 2016ರ ಕೇಂದ್ರ ಯೋಜನೆ ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ಅತಿ ಕಠಿಣ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ಎಂದಿತು. ಮೊದಲಿದ್ದ ಮೊತ್ತಕ್ಕೆ ಹೋಲಿಸಿದರೆ ಇದು ದೊಡ್ಡದು. ಆದರೆ ತಕ್ಷಣ ಸಿಗುವುದು ಹೆಚ್ಚೆಂದರೆ 20 ಸಾವಿರ, ಉಳಿದದ್ದನ್ನು ಮಾಲೀಕನಿಗೆ ಶಿಕ್ಷೆಯಾಗುವುದಕ್ಕೆ ತಳಕು ಹಾಕಿದರು. ತಕ್ಷಣದ ಮೊತ್ತವನ್ನು ಆಮೇಲೆ 30 ಸಾವಿರಕ್ಕೆ ಏರಿಸಿದರು. ಇಲ್ಲಿ ಆಗಿರುವ ಎಡವಟ್ಟನ್ನು ಗಮನಿಸಿ. ಶಿಕ್ಷೆ ಎಂಬುದು ಅಡ್ಡ ನಿಂತವನ ಲೆಕ್ಕ, ಅದಕ್ಕೆ ಸಂಶಯಾತೀತ ಪುರಾವೆ ಬೇಕು, ವರ್ಷಗಳು ಬೇಕು. ಪುನರ್ವಸತಿ ಎಂಬುದು ಬಿಡುಗಡೆಯಾದವನ ಸಾಧನದ ಲೆಕ್ಕ, ಅದು ಈ ವಾರ ಬೇಕು. ಎರಡು ಬೇರೆ ಪ್ರಶ್ನೆಗಳಿಗೆ ಒಂದೇ ಬೀಗ ಹಾಕಿ ಕೀಲಿಯನ್ನು ಕ್ರಿಮಿನಲ್ ನ್ಯಾಯಾಲಯದ ಕೈಗೆ ಕೊಟ್ಟರು. ಸಾಕ್ಷಿ ತಿರುಗಿಬಿದ್ದು ಮಾಲೀಕ ಖುಲಾಸೆಯಾದರೆ ಜೀತದಾಳಿನ ಹಸಿವೇನೂ ಸುಳ್ಳಾಗುವುದಿಲ್ಲ.

ಇಷ್ಟು ಹೊತ್ತು ನಾನು ಸಾಧನದ ಪರವಾಗಿ, ಸರ್ಕಾರ ಮುಂದೆ ಬರಬೇಕೆಂಬ ಪರವಾಗಿ ಮಾತಾಡಿದಂತೆ ನಿಮಗೆ ಅನಿಸಿರಬಹುದು. ಈಗ ಬರ್ಲಿನ್ ಯಾಕೆ ಹೆದರಿದ್ದ ಎಂಬುದಕ್ಕೆ ಬರುತ್ತೇನೆ. ಅವನ ಭಯ ಅನ್ನ ಕೊಡುವ ಸರ್ಕಾರದ ಬಗ್ಗೆ ಆಗಿರಲಿಲ್ಲ, ತನ್ನ ಬದುಕಿಗೆ ತಾನೇ ಯಜಮಾನನಾಗುವುದು ಎಂಬ ಆ ಮೂರನೆಯದರ ಬಗ್ಗೆ ಇತ್ತು. ನನ್ನೊಳಗೆ ಇಬ್ಬರಿದ್ದಾರೆ ಎಂದುಕೊಳ್ಳಿ. ಚಟಕ್ಕೆ ಬಿದ್ದ, ಸೋಮಾರಿಯಾದ ಕೆಳಗಿನವನು ಒಬ್ಬ, ವಿವೇಕವಿರುವ ಮೇಲಿನವನು ಇನ್ನೊಬ್ಬ. ಮೇಲಿನವನು ಗೆದ್ದಾಗ ನಾನು ಸ್ವತಂತ್ರ. ಅಲ್ಲಿಯವರೆಗೆ ತೊಂದರೆಯಿಲ್ಲ. ಆದರೆ ನಿನ್ನೊಳಗಿನ ಮೇಲಿನವನಿಗೆ ಏನು ಬೇಕೆಂದು ನಿನಗಿಂತ ನನಗೆ ಚೆನ್ನಾಗಿ ಗೊತ್ತು ಎಂದು ಅಧಿಕಾರಿ ಹೇಳಿದಾಗ? ಆಗ ಅವನು ನಿನ್ನನ್ನು ಹಿಡಿದು ಕೂಡಿಹಾಕಬಹುದು, ಇದು ಬಂಧನವಲ್ಲ, ಉದ್ಧಾರ ಎಂದೂ ಹೇಳಬಹುದು.

ಇದಕ್ಕೆ ರಷ್ಯಾದ ಉದಾಹರಣೆ ಬೇಕಾಗಿಲ್ಲ. ಬೆಂಗಳೂರಿನ ಮಾಗಡಿ ರಸ್ತೆ ಸಾಕು. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ಬೀದಿಯಲ್ಲಿ ಬೇಡುವವರನ್ನು ಹಿಡಿದು, ವಿಚಾರಣೆ ಮುಗಿಸಿ, ಒಂದು ವರ್ಷದಿಂದ ಮೂರು ವರ್ಷದವರೆಗೆ ಇಡಬಹುದು. ಇಡುವ ಜಾಗಕ್ಕೆ ಸೆರೆಮನೆ ಎಂದು ಹೆಸರಿಲ್ಲ. ಅದರ ಹೆಸರು ನಿರಾಶ್ರಿತರ ಪರಿಹಾರ ಕೇಂದ್ರ. ಪರಿಹಾರ ಪದ ಮತ್ತೆ ಬರುತ್ತದೆ ಎಂದಿದ್ದೆನಲ್ಲ. ಅಲ್ಲಿ ಊಟವಿದೆ, ಬಟ್ಟೆಯಿದೆ, ವೃತ್ತಿ ತರಬೇತಿಯ ಉದ್ದೇಶವೂ ಇದೆ. ಕಾಗದದ ಮೇಲೆ ನೋಡಿದರೆ ಅದೊಂದು ಕಲ್ಯಾಣ ಸಂಸ್ಥೆ. 2010ರ ಆಗಸ್ಟ್‌ನಲ್ಲಿ ಅಲ್ಲಿ ಕೆಲವೇ ದಿನಗಳಲ್ಲಿ ಅನೇಕರು ಸತ್ತರು, ರಾಜ್ಯವೇ ತಲ್ಲಣಿಸಿತು. ಆಗ ನಡೆದ ಚರ್ಚೆಯೆಲ್ಲ ಊಟ, ನೀರು, ವೈದ್ಯರ ಕೊರತೆಯ ಸುತ್ತಲೇ ಇತ್ತು. ಅವೆಲ್ಲ ಬೇಕಾದ ಚರ್ಚೆಗಳೇ. ಆದರೆ ಒಂದು ಪ್ರಶ್ನೆ ಬದಿಗೆ ಸರಿಯಿತು. ಅಲ್ಲಿ ಬದುಕಲಾಗದವನು ಎದ್ದು ಹೊರಗೆ ಹೋಗಬಹುದಿತ್ತೇ?

ಕಲ್ಯಾಣದ ಕಾನೂನೊಂದು ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಸೌಲಭ್ಯದ ಪಟ್ಟಿಯನ್ನಲ್ಲ, ಬೇಡ ಎನ್ನುವ ಅವಕಾಶ ಇದೆಯೇ ಎಂಬುದನ್ನು. ಶಕ್ತಿ ಯೋಜನೆಯಲ್ಲಿ ಹೆಂಗಸು ಬೇಕಾದರೆ ಬಸ್ ಹತ್ತುತ್ತಾಳೆ, ಬೇಡವಾದರೆ ನಡೆದುಹೋಗುತ್ತಾಳೆ. ಬಿಸಿಯೂಟವನ್ನು ಮಗು ಉಣ್ಣಬಹುದು, ಮನೆಯಿಂದ ಡಬ್ಬಿ ತರಬಹುದು. ಪರಿಹಾರ ಕೇಂದ್ರದಲ್ಲಿ ಆ ಅವಕಾಶ ಇಲ್ಲ. ಹೀಗೆಂದಮೇಲೆ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನೂ ಸೇರಿಸಬೇಕು: ಚಳಿಯಲ್ಲಿ ಫುಟ್‌ಪಾತಿನ ಮೇಲೆ ಬಿದ್ದಿರುವ ಮಾನಸಿಕ ಅಸ್ವಸ್ಥನನ್ನೂ ಅವನ ಇಷ್ಟ ಎಂದು ಬಿಟ್ಟುಬಿಡುವುದೇ? ಇಲ್ಲ, ಬಿಡಲಾಗದು. ಆದರೆ ಅದಕ್ಕೆ ಮಾನಸಿಕ ಆರೋಗ್ಯದ ಪ್ರತ್ಯೇಕ ಕಾನೂನಿದೆ, ಅದರಲ್ಲಿ ವೈದ್ಯರ ಪರೀಕ್ಷೆಯಿದೆ, ಅವಧಿಯ ಮಿತಿಯಿದೆ, ಪುನರ್‌ಪರಿಶೀಲನೆಯಿದೆ. ಬೇಡಿದ ಎಂಬುದೊಂದೇ ಕಾರಣಕ್ಕೆ ಯಾರನ್ನೂ ವಿವೇಕವಿಲ್ಲದವನು ಎಂದು ತೀರ್ಮಾನಿಸಲು ಬರುವುದಿಲ್ಲ.

ದೆಹಲಿ ಹೈಕೋರ್ಟ್ 2018ರ ಆಗಸ್ಟ್‌ನಲ್ಲಿ, ಭಿಕ್ಷೆಯನ್ನು ಅಪರಾಧವೆನ್ನುವ ಕಲಮುಗಳನ್ನು ರದ್ದು ಮಾಡಿತು. ಬದುಕಲು ಬೇಕಾದದ್ದನ್ನು ಒದಗಿಸಲಾಗದ ಸರ್ಕಾರ, ಅದಕ್ಕಾಗಿ ಬೇಡುವವನನ್ನು ಅಪರಾಧಿ ಎನ್ನುವುದು ಹೇಗೆ ಎಂಬುದು ಅದರ ತರ್ಕದ ತಿರುಳು. ಇಲ್ಲಿ ಎರಡೂ ಬಗೆಯ ಸ್ವಾತಂತ್ರ್ಯ ಒಂದೇ ಕಡೆ ಸೇರಿಕೊಂಡಿವೆ: ಕೊಡಬೇಕಾದದ್ದನ್ನು ಕೊಡಲಿಲ್ಲ, ಮೇಲಾಗಿ ಅಡ್ಡವೂ ನಿಂತಿರಿ. ಆ ತೀರ್ಪು ದೆಹಲಿಗೆ ಅನ್ವಯಿಸಿದ್ದು, ನಮ್ಮ 1975ರ ಕಾಯ್ದೆಯನ್ನು ಅದು ಮುಟ್ಟಲಿಲ್ಲ.

ಮನೆಗೆ ಹೋದ ಮೇಲೆ ನಿಮ್ಮ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ. ತೆರಿಗೆಯ ಕೆಳಗೆ ಆರೋಗ್ಯ ಕರ, ಗ್ರಂಥಾಲಯ ಕರಗಳ ಜೊತೆಗೆ ಭಿಕ್ಷುಕರ ಕರ ಎಂಬ ಸಣ್ಣ ಸಾಲೊಂದು ಇರುತ್ತದೆ, ತೆರಿಗೆಯ ನೂರಕ್ಕೆ 3 ಪಾಲು. ಆ ಬೀಗಕ್ಕೂ ಆ ಊಟಕ್ಕೂ ಹಣ ಹೋಗುವುದು ಆ ಒಂದೇ ಸಾಲಿನಿಂದ.